ಸಣ್ಣ ಕಥೆ: “ಹಳೆಯದು” – ಓದಿ, ತಪ್ಪಿದ್ದರೆ ತಿದ್ದಿ

ಗುಬ್ಬಿಗೂಡು:

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಕಥೆ ಬರೆದಿದ್ದೇನೆ. ಇದರಲ್ಲಿ ಎದೆಯ ಸಿ.ಟಿ. ಸ್ಕ್ಯಾನ್ ರಿಪೋರ್ಟ್ ಒಂದು ಬರುತ್ತದೆ. ಆ ಭಾಗದಲ್ಲಿ ತಪ್ಪಿದ್ದರೆ ಗೊತ್ತಿರುವವರು ದಯವಿಟ್ಟು ಹೇಳಿ. ಮುಗಿಸಿದ ಜಾಗ ಸರಿಯಾಗಿದೆಯಾ ಅನ್ನುವ ಅನುಮಾನವೂ ಇದೆ.

*ಹಳೆಯದು*

ಲೈಪ್‌ಝಿಗ್‌ನಲ್ಲಿ ಸಂಜೆ ಐದು, ಗುಬ್ಬಿಯಲ್ಲಿ ರಾತ್ರಿ ಎಂಟೂವರೆ. ಚೈತ್ರಾ ಲ್ಯಾಪ್‌ಟಾಪಿನಲ್ಲಿ ರಿಪೋರ್ಟ್ ತೆರೆದಳು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿದಳು. ಫೋನಿನಲ್ಲಿ ಅಪ್ಪನ ಹಣೆ ಮತ್ತು ಹಿಂದಿನ ಗೋಡೆಯ ಕ್ಯಾಲೆಂಡರ್ ಮಾತ್ರ ಕಾಣುತ್ತಿತ್ತು.

“ಅಪ್ಪಾ, ಫೋನ್ ಸ್ವಲ್ಪ ಕೆಳಗೆ ಹಿಡ್ಕೋ.”

ಮುಖ ಬಂತು. ಜೇಬಿನಲ್ಲಿ ಕನ್ನಡಕದ ಕಡ್ಡಿ ಕಾಣಿಸಿತು. ಪಕ್ಕದಲ್ಲಿ ಅಮ್ಮ, ಮಡಿಲಲ್ಲಿ ಹುರುಳಿಕಾಯಿ ತಟ್ಟೆ. ಅಪ್ಪನ ಮುಂದೆ ಅವನದೇ ಲೋಟ. ಬಾಯಿಯ ಹತ್ತಿರ ಸ್ವಲ್ಪ ನೆಗ್ಗಿದ ಸ್ಟೀಲ್ ಲೋಟ. ಚೈತ್ರಾಗೆ ಬುದ್ಧಿ ಬಂದಾಗಿನಿಂದ ಅಪ್ಪ ಬೇರೆ ಲೋಟದಲ್ಲಿ ಕುಡಿದಿದ್ದಿಲ್ಲ, ಬೇರೆಯವರಿಗೆ ಆ ಲೋಟ ಕೊಟ್ಟಿದ್ದೂ ಇಲ್ಲ. ಮಡಿ ಜಾಸ್ತಿ ಅಂತ ಅಜ್ಜಿ ಹೇಳುತ್ತಿದ್ದಳು.

ಮೂರು ವಾರದಿಂದ ಕೆಮ್ಮು. ಎಕ್ಸ್‌ರೇಯಲ್ಲಿ ಬಲಗಡೆ ಮೇಲೆ ಏನೋ ನೆರಳು ಕಂಡಿತ್ತು. ಡಾಕ್ಟರು ಸಿ.ಟಿ. ಮಾಡಿಸಿ ಅಂದಿದ್ದರು. ಅವರು ಸಿಗುವುದು ಸೋಮವಾರ. ರಿಪೋರ್ಟ್ ಮಾತ್ರ ಶುಕ್ರವಾರವೇ ಫೋನಿಗೆ ಬಂದು ಕೂತಿತ್ತು.

“ನೀನೇ ಓದು ಪುಟ್ಟಿ. ಈ ಸಣ್ಣ ಅಕ್ಷರ ನನಗೆ ಕಾಣಲ್ಲ.”

“ನಮಗೆ ಅರ್ಥ ಆಗೋ ಹಾಗೆ ಓದೇ,” ಅಂದಳು ಅಮ್ಮ.

ಚೈತ್ರಾ ಮೊದಲ ಸಾಲಿನಿಂದ ಶುರು ಮಾಡಿದಳು. ಒಂದು ಸಾಲು ಮನಸ್ಸಿನಲ್ಲಿ ಇಂಗ್ಲಿಷಿನಲ್ಲಿ, ಆಮೇಲೆ ಗಟ್ಟಿಯಾಗಿ ಕನ್ನಡದಲ್ಲಿ. “ಬಲಗಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ನಾರಿನ ಥರ ಗೆರೆಗಳಿವೆ. ಅಲ್ಲಿ ಉಸಿರಿನ ಕೊಳವೆ ಸ್ವಲ್ಪ ಎಳೆದುಕೊಂಡು ಅಗಲ ಆಗಿದೆ. ಐದು ಮಿಲಿಮೀಟರಿನ ಒಂದು ಗಂಟು, ಸುಣ್ಣ ಕಟ್ಟಿದೆ.”

“ಸುಣ್ಣನಾ?” ಅಂದಳು ಅಮ್ಮ.

“ಕ್ಯಾಲ್ಸಿಯಂ ಅಮ್ಮಾ. ಇರು, ಮುಂದೆ ಇದೆ. ತೂತು ಬಿದ್ದಿರೋದು ಏನೂ ಇಲ್ಲ. ಶ್ವಾಸಕೋಶದ ಸುತ್ತ ನೀರು ತುಂಬಿಕೊಂಡಿರೋದು…”

ಚಿತ್ರ ನಿಂತುಹೋಯಿತು. ಅಮ್ಮನ ಬಾಯಿ ಅರ್ಧ ತೆರೆದಿತ್ತು, ಕೈಯಲ್ಲಿ ಅರ್ಧ ಮುರಿದ ಹುರುಳಿಕಾಯಿ. ಅಪ್ಪನ ಕಣ್ಣು ಮುಚ್ಚಿತ್ತೋ ತೆರೆದಿತ್ತೋ ಗೊತ್ತಾಗಲಿಲ್ಲ. ಚೈತ್ರಾ “ಹಲೋ, ಹಲೋ” ಅಂದಳು. ಎದ್ದು ಕಿಟಕಿ ಹತ್ತಿರ ಹೋದಳು. ಕಟ್ ಮಾಡಿ ಮತ್ತೆ ಹಚ್ಚಿದಳು.

ಮತ್ತೆ ಕಂಡಾಗ ಹುರುಳಿಕಾಯಿ ತಟ್ಟೆ ನೆಲದ ಮೇಲಿತ್ತು. ಅಮ್ಮ ಅಳುತ್ತಿದ್ದಳು.

“ಇಲ್ಲ ಅಮ್ಮಾ! ನೀರು ಇಲ್ಲ! ಇಲ್ಲ ಅಂತಾನೇ ಬರೆದಿದ್ದಾರೆ!”

“ಮೊದಲೇ ಹೇಳಬಾರದಾ?” ಅಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. ಅಪ್ಪ ಲೋಟ ಎತ್ತಿ ಒಂದು ಗುಟುಕು ನೀರು ಕುಡಿದು ಕೆಳಗಿಟ್ಟ.

“ಕೊನೆಗೆ ಏನು ಬರೆದಿದ್ದಾರೆ? ಅದನ್ನ ಓದು,” ಅಂದ.

ಚೈತ್ರಾ ಕೆಳಗೆ ಹೋದಳು. ಇಂಪ್ರೆಶನ್ ಅಂತ ದಪ್ಪ ಅಕ್ಷರದಲ್ಲಿತ್ತು. “ಸೀಕ್ವೆಲೆ ಆಫ್ ಓಲ್ಡ್ ಕೋಖ್ಸ್. ಅಂದ್ರೆ ಹಳೆಯ ಯಾವುದೋ ಒಂದರ ಗುರುತು. ಕೋಖ್ ಅಂದ್ರೆ ಇಲ್ಲಿ ಜರ್ಮನ್‌ನಲ್ಲಿ ಅಡುಗೆಯವನು ಅಪ್ಪಾ. ಏನಿದು ಅಂತ ಗೊತ್ತಾಗ್ತಿಲ್ಲ. ಕೆ, ಓ, ಸಿ, ಎಚ್.”

“ಕಾಕ್ಸ್,” ಅಂದ ಅಪ್ಪ.

ಅವಳು ಓದಿದ್ದನ್ನು ತಿದ್ದುವ ಹಾಗೆ, ಬಹಳ ಮೆಲ್ಲಗೆ ಅಂದ.

“ಅಂದ್ರೆ?”

ಅಪ್ಪ ಅಮ್ಮನ ಕಡೆ ನೋಡಲಿಲ್ಲ. ಲೋಟದ ನೆಗ್ಗಿದ ಜಾಗವನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಕೂತ. “ನಾನು ಮೈಸೂರಲ್ಲಿ ಒಂದು ವರ್ಷ ಓದಿದ್ದೆ ಅಂತ ಹೇಳ್ತಿದ್ನಲ್ಲ.”

“ಹೂಂ. 1974ರಲ್ಲಿ.”

“ಅದು ಕಾಲೇಜಲ್ಲ ಪುಟ್ಟಿ. ಟೀಬಿ ಆಸ್ಪತ್ರೆ. ವಾರ್ಡಿನಲ್ಲಿ ಡಾಕ್ಟರು ಟೀಬಿ ಅಂತಿರಲಿಲ್ಲ. ಕಾಕ್ಸ್ ಅಂತಿದ್ರು. ಬಂದವರಿಗೆ ಗೊತ್ತಾಗಬಾರದು ಅಂತ.”

ಅಮ್ಮ ಬಗ್ಗಿ ತಟ್ಟೆಗೆ ಹುರುಳಿಕಾಯಿ ಆರಿಸಿ ಹಾಕುತ್ತಿದ್ದಳು. ಒಂದೊಂದೇ. ತಲೆ ಎತ್ತಲಿಲ್ಲ.

“ಅಜ್ಜಿಗೆ ಗೊತ್ತಿತ್ತಾ?”

“ಅವಳೇ ಅಲ್ವಾ ಈ ಲೋಟ ಕೊಟ್ಟಿದ್ದು.”

ಅಪ್ಪ ಎದ್ದ. ಹಿಂದಿನ ಕೋಣೆಯಲ್ಲಿ ದೀಪ ಹಾಕಿರಲಿಲ್ಲ. ಅವನು ಯಾವಾಗಲೂ ಮಾಡುವ ಹಾಗೆ ಬಲಗೈಯನ್ನು ಗೋಡೆಗೆ ಆನಿಸಿ, ಹೆಜ್ಜೆ ಹುಡುಕುತ್ತಾ ಕತ್ತಲೆಯೊಳಗೆ ನಡೆದ. ಖಾಲಿ ಕುರ್ಚಿ, ಕ್ಯಾಲೆಂಡರ್, ಲೋಟ ಉಳಿದವು.

ಚೈತ್ರಾ ಲ್ಯಾಪ್‌ಟಾಪ್ ಮುಚ್ಚಿದಳು. ಹಳೆಯ ಕಾಕ್ಸ್‌ನ ಕೆಳಗೆ ಇನ್ನೂ ಒಂದು ಸಾಲು ಇತ್ತು.

---

ಬೆಟ್ಟದ ನೆಲ್ಲಿ:

ಲೋಟ! ನಮ್ಮ ದೊಡ್ಡಪ್ಪನಿಗೂ ಹೀಗೇ ಒಂದು ತಟ್ಟೆ ಬೇರೆ ಇತ್ತು. ಅವರು ತೀರಿಕೊಂಡ ಮೇಲೆ ದೊಡ್ಡಮ್ಮ ಅದನ್ನು ಯಾರಿಗೂ ಕೊಡಲಿಲ್ಲ, ಹಿತ್ತಲಲ್ಲಿ ಹೂತರು. ಯಾಕೆ ಅಂತ ನಾವು ಕೇಳಲಿಲ್ಲ. ಇವತ್ತು ಕೇಳಬೇಕು ಅನಿಸುತ್ತಿದೆ, ಕೇಳೋಣ ಅಂದರೆ ಅವರೂ ಇಲ್ಲ.

ಕನ್ನಡ ಮೇಷ್ಟ್ರು:

ನನಗೆ ಹಿಡಿಸಿದ್ದು ಆ “ಇಲ್ಲ”. ಇಂಗ್ಲಿಷಿನ ರಿಪೋರ್ಟಿನಲ್ಲಿ “ನೋ” ಮೊದಲು ಬರುತ್ತದೆ. ಓದುವವರು ಅಲ್ಲೇ ನಿರಾಳವಾಗುತ್ತಾರೆ. ನಮ್ಮ ಭಾಷೆಯಲ್ಲಿ “ಇಲ್ಲ” ಕೊನೆಗೆ ಬರುತ್ತದೆ. ನೀರು ತುಂಬಿಕೊಂಡಿರುವುದು ಅಂತ ಪೂರ್ತಿ ಕೇಳಿ ಆದಮೇಲೆ ಇಲ್ಲ. ಅಷ್ಟು ಹೊತ್ತು ಎದುರಿಗಿರುವವರು ಉಸಿರು ಹಿಡಿದಿರುತ್ತಾರೆ. ನೆಟ್‌ವರ್ಕ್ ಆ ಸಂದಿಯಲ್ಲೇ ಕೈಕೊಟ್ಟಿತು. ಇದನ್ನು ಇಂಗ್ಲಿಷಿನಲ್ಲಿ ಹೀಗೆ ಬರೆಯಲು ಆಗುವುದಿಲ್ಲ.

ಒಂದೇ ತಕರಾರು. ಅದರ ಹಿಂದಿನ ವಾಕ್ಯದಲ್ಲಿ “ತೂತು ಬಿದ್ದಿರೋದು ಏನೂ ಇಲ್ಲ” ಅಂತ ಬಂದುಬಿಟ್ಟಿದೆ. ಅಮ್ಮನಿಗೆ ಆ ಧಾಟಿ ಆಗಲೇ ಸಿಕ್ಕಿರುತ್ತದೆ, ಮುಂದಿನದೂ ಇಲ್ಲ ಅಂತಲೇ ಇರಬಹುದು ಅಂದುಕೊಳ್ಳುತ್ತಾಳೆ. ಆ ಸಾಲು ತೆಗೆದರೆ ಗಾಬರಿ ಇನ್ನೂ ನಿಜವಾಗುತ್ತದೆ.

ಗುಬ್ಬಿಗೂಡು:

ಮೇಷ್ಟ್ರೇ, ಇದು ನನಗೆ ಹೊಳೆದೇ ಇರಲಿಲ್ಲ. ತೆಗೆಯುತ್ತೇನೆ.

ಚಿತ್ರದುರ್ಗದ ಗಾಳಿ:

ಕಥೆ ಚೆನ್ನಾಗಿದೆ. ನಾನು ಔಷಧಿ ಕಂಪನಿಯಲ್ಲಿ ಹದಿನೈದು ವರ್ಷ ಕೆಲಸ ಮಾಡಿದವನು, ಅದಕ್ಕೆ ಎರಡು ಮಾತು ಹೇಳುತ್ತೇನೆ.

ಒಂದು, ಸುಣ್ಣ ಕಟ್ಟಿದ ಗಂಟು ಅಂದರೆ ಟೀಬಿ ರೋಗಾಣುವಿನ ಗೋರಿ ಇದ್ದ ಹಾಗೆ. ದೇಹ ಅದನ್ನು ಹಿಡಿದು ಸುತ್ತ ಗೋಡೆ ಕಟ್ಟಿ ಮುಚ್ಚಿಬಿಟ್ಟಿದೆ. ಓಲ್ಡ್ ಅಂತ ಬರೆದ ಮೇಲೆ ಮುಗೀತು, ಯಾವ ಪರೀಕ್ಷೆಯೂ ಬೇಡ. ಆದ್ದರಿಂದ ಕೊನೆಯಲ್ಲಿ “ಇನ್ನೂ ಒಂದು ಸಾಲು” ಅಂತ ಹೆದರಿಸುವುದು ಸರಿಯಲ್ಲ.

ಎರಡು, ಆಗಿನ ಕಾಲದಲ್ಲಿ ಸ್ಟ್ರೆಪ್ಟೋಮೈಸಿನ್ ಸೂಜಿ ಕೊಡುತ್ತಿದ್ದರು. ಅದರಿಂದ ಒಂದು ಕಿವಿ ಹೋಗುತ್ತದೆ. ಅಪ್ಪನಿಗೆ ಎಡಗಿವಿ ಕೇಳಿಸುವುದಿಲ್ಲ ಅಂತ ಒಂದು ಸಾಲು ಸೇರಿಸಿದರೆ ಗೊತ್ತಿರುವವರಿಗೆ ಮೊದಲೇ ಸುಳಿವು ಸಿಗುತ್ತದೆ.

ಅಡಿಕೆ ತೋಟ:

ನಮ್ಮ ಅಮ್ಮನ ಸ್ಕ್ಯಾನಿನಲ್ಲೂ ಐದು ಮಿ.ಮೀ. ಗಂಟು ಅಂತ ಬಂದಿದೆ. ನಾಡ್ಯೂಲ್ ಅಂತ ಬರೆದಿದ್ದಾರೆ. ಹಾಗಾದರೆ ಅಮ್ಮನಿಗೂ ಚಿಕ್ಕಂದಿನಲ್ಲಿ ಟೀಬಿ ಬಂದಿತ್ತು ಅಂತಾನಾ? ಅಮ್ಮ ಇಲ್ಲವೇ ಇಲ್ಲ ಅನ್ನುತ್ತಾರೆ. ನಮಗೆ ಮುಚ್ಚಿಡುತ್ತಿದ್ದಾರಾ? ಎರಡು ದಿನದಿಂದ ಮನೆಯಲ್ಲಿ ಇದೇ ಮಾತು. ದಯವಿಟ್ಟು ಯಾರಾದರೂ ಹೇಳಿ.

ನೆರಳು ಬೆಳಕು:

ನಾನು ಇಂಥ ರಿಪೋರ್ಟುಗಳನ್ನು 26 ವರ್ಷ ಬರೆದವಳು, ರೇಡಿಯಾಲಜಿ ವಿಭಾಗದಲ್ಲಿ. ಈಗ ನಿವೃತ್ತಿ. ಒಂದೊಂದಾಗಿ ಹೇಳುತ್ತೇನೆ.

ಅಡಿಕೆ ತೋಟ ಅವರೇ, ಮೊದಲು ನಿಮಗೆ. ಅಮ್ಮನನ್ನು ಪ್ರಶ್ನೆ ಮಾಡುವುದು ನಿಲ್ಲಿಸಿ. ಕಥೆಯಲ್ಲಿರುವುದು ಸುಣ್ಣ ಕಟ್ಟಿದ ಗಂಟು. ನಿಮ್ಮ ಅಮ್ಮನದು ಸುಣ್ಣ ಕಟ್ಟಿದೆ ಅಂತ ಬರೆದಿದೆಯೋ ಇಲ್ಲವೋ ನೀವು ಹೇಳಿಲ್ಲ. ಎರಡೂ ಬೇರೆ ದಾರಿ. ಸುಣ್ಣ ಕಟ್ಟದ ಸಣ್ಣ ಗಂಟು ಎಷ್ಟೋ ಜನರಲ್ಲಿ ಸಿಗುತ್ತದೆ, ಅದಕ್ಕೆ ಹತ್ತಾರು ಕಾರಣ ಇರುತ್ತವೆ. ಐದು ಮಿಲಿಮೀಟರ್ ಸಣ್ಣದೇ. ಬೀಡಿ ಸಿಗರೇಟು ಸೇದುತ್ತಿದ್ದರಾ, ಹಿಂದೆ ಬೇರೆ ದೊಡ್ಡ ಕಾಯಿಲೆ ಇತ್ತಾ ಅನ್ನುವುದನ್ನು ನೋಡಿ ಮತ್ತೆ ಸ್ಕ್ಯಾನ್ ಬೇಕೋ ಬೇಡವೋ ಅಂತ ಅವರ ಡಾಕ್ಟರು ತೀರ್ಮಾನ ಮಾಡುತ್ತಾರೆ. ಹಳೆಯ ಎಕ್ಸ್‌ರೇ, ಹಳೆಯ ಸ್ಕ್ಯಾನ್ ಏನಾದರೂ ಬೀರುವಿನಲ್ಲಿದ್ದರೆ ತೆಗೆದುಕೊಂಡು ಹೋಗಿ. ಇಲ್ಲಿ ಕೂತು ನಾನು ಇದಕ್ಕಿಂತ ಜಾಸ್ತಿ ಹೇಳಬಾರದು.

ಈಗ ಗಾಳಿಯವರ ಮಾತು. ಗೋರಿ ಅಂದಿರಿ. ಅರ್ಧ ಸರಿ. ಆದರೆ ಒಳಗಿರುವುದೆಲ್ಲ ಸತ್ತಿದೆ ಅಂತ ಸ್ಕ್ಯಾನಿನ ಚಿತ್ರ ಹೇಳಲಾರದು. ಕೆಲವು ರೋಗಾಣು ಮಲಗಿರಬಹುದು, ವಯಸ್ಸಾದಾಗ, ಸಕ್ಕರೆ ಕಾಯಿಲೆ ಬಂದಾಗ, ಸ್ಟಿರಾಯ್ಡ್ ತೆಗೆದುಕೊಂಡಾಗ ಏಳಬಹುದು. ನಾವು “ಓಲ್ಡ್” ಅಂತ ಬರೆಯುವುದು ನೋಟವನ್ನು ನೋಡಿ. ಸುಣ್ಣ ಕಟ್ಟಿದೆ, ಗಾಯ ನಾರಾಗಿದೆ, ಶ್ವಾಸಕೋಶದ ಆ ಭಾಗ ಕುಗ್ಗಿ ಮೇಲಕ್ಕೆ ಎಳೆದುಕೊಂಡಿದೆ. ಇವು ಹಳೆಯ ಗಾಯದ ಗುರುತು. ಹೊಸದಾಗಿದ್ದರೆ ತೂತು ಇರಬಹುದು, ಬಿಳಿ ಮಬ್ಬು ಇರಬಹುದು, ಇಲ್ಲವೇ ಕೊಂಬೆಯ ತುದಿಯಲ್ಲಿ ಮೊಗ್ಗು ಬಿಟ್ಟ ಹಾಗೆ ಸಣ್ಣ ಸಣ್ಣ ಚುಕ್ಕೆ ಇರಬಹುದು. ಅವು ಇಲ್ಲ ಅಂದರೆ ಮನಸ್ಸಿಗೆ ಸಮಾಧಾನ, ನಿಜ. ಆದರೂ ಹೋಲಿಸಲು ಹಳೆಯ ಫಿಲ್ಮ್ ಇಲ್ಲದಿದ್ದಾಗ ಒಂದೇ ಒಂದು ಸ್ಕ್ಯಾನ್ ನೋಡಿ ಅದು ಮಲಗಿದೆ ಅಂತ ಆಣೆ ಮಾಡಿ ಹೇಳಲು ಆಗುವುದಿಲ್ಲ.

ಇಲ್ಲಿ ಅಪ್ಪನಿಗೆ ಮೂರು ವಾರದ ಕೆಮ್ಮು ಇದೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸುವುದು ನಮ್ಮ ದೇಶದ ಪದ್ಧತಿ. ಹಿಂದೆ ಟೀಬಿ ಬಂದವರಿಗಂತೂ ಮಾಡಿಸಲೇಬೇಕು. ಹಾಗಾಗಿ ಆ ಕೊನೆಯ ಸಾಲು ಏನು ಅಂತ ನನಗೆ ಗೊತ್ತು. ನಾನೇ ಎಷ್ಟು ಸಾವಿರ ಸಲ ಬರೆದಿದ್ದೇನೋ. “ಕಫ ಪರೀಕ್ಷೆಯೊಂದಿಗೆ ತಾಳೆ ನೋಡಿ” ಅಂತ ಇರುತ್ತದೆ. ಕಥೆಯಲ್ಲಿ ಅದನ್ನು ಯಾರೂ ಓದಲಿಲ್ಲ. ಕಥೆಯಾಗಿ ಅದು ಒಳ್ಳೆಯ ಕೊನೆ ಇರಬಹುದು. ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ.

ಚಿತ್ರದುರ್ಗದ ಗಾಳಿ:

ಸರಿ ಮೇಡಂ, ಕಫದ ಮಾತು ಒಪ್ಪಿದೆ. ಕಿವಿ?

ನೆರಳು ಬೆಳಕು:

ಕಿವಿಗೂ ಪೆಟ್ಟು ಬೀಳುತ್ತದೆ. ಬಿದ್ದರೆ ಸಾಮಾನ್ಯವಾಗಿ ಎರಡೂ ಕಡೆ. ಸೂಜಿಯ ಔಷಧಿ ರಕ್ತದಲ್ಲಿ ಹೋಗುತ್ತದಲ್ಲ, ಒಂದು ಕಿವಿಯನ್ನು ಆರಿಸಿಕೊಂಡು ಕೆಡಿಸುವುದಿಲ್ಲ. ಆದರೆ ಸ್ಟ್ರೆಪ್ಟೋಮೈಸಿನ್ ಕೇಳುವ ಶಕ್ತಿಗಿಂತ ಹೆಚ್ಚಾಗಿ ಕೆಡಿಸುವುದು ಒಳಕಿವಿಯಲ್ಲಿರುವ ಮೈಯ ಸಮತೋಲನ ಕಾಯುವ ಭಾಗವನ್ನು. ನಾವು ನೆಟ್ಟಗೆ ನಿಲ್ಲುವುದು ಅದರಿಂದ. ಅದು ಹೋದರೆ ಹೆಚ್ಚಾಗಿ ವಾಪಸ್ ಬರುವುದಿಲ್ಲ. ಹಗಲಿನಲ್ಲಿ ಕಣ್ಣು ಆ ಕೆಲಸ ಮಾಡುತ್ತದೆ, ಮನುಷ್ಯ ಮಾಮೂಲಿಯಾಗಿ ನಡೆಯುತ್ತಾನೆ. ಕತ್ತಲಾದರೆ ಕಣ್ಣಿನ ಆಸರೆ ಹೋಯಿತು. ಆಗ ಗೋಡೆ ಬೇಕು.

ನಾನು ಕಥೆಯನ್ನು ಎರಡು ಸಲ ಓದಿದ್ದೇ ಅದಕ್ಕೆ. “ಯಾವಾಗಲೂ ಮಾಡುವ ಹಾಗೆ ಬಲಗೈಯನ್ನು ಗೋಡೆಗೆ ಆನಿಸಿ.” ಗುಬ್ಬಿಗೂಡು ಅವರೇ, ಇದನ್ನು ತಿಳಿದೇ ಬರೆದಿರಾ? ತಿಳಿದು ಬರೆದಿದ್ದರೆ ಸುಳಿವು ಆಗಲೇ ಕೊಟ್ಟಿದ್ದೀರಿ, ಕಿವಿಯ ಸಾಲು ಬೇಡವೇ ಬೇಡ.

ಗುಬ್ಬಿಗೂಡು:

ಮೇಡಂ, ನಾನು ತಿಳಿದು ಬರೆದಿದ್ದಲ್ಲ. ಅಪ್ಪ ಹಾಗೇ ನಡೆಯುತ್ತಾರೆ, ಅದಕ್ಕೆ ಹಾಗೆ ಬರೆದೆ. ಕಣ್ಣಿನ ತೊಂದರೆ ಅಂದುಕೊಂಡಿದ್ದೆವು. ಎರಡು ಸಲ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ.

ಈಗ ಹೇಳಿಯೇ ಬಿಡುತ್ತೇನೆ. ಹೆಸರು, ಊರು ಬದಲಿಸಿದ್ದೇನೆ, ಉಳಿದದ್ದು ಹೆಚ್ಚು ಕಡಿಮೆ ನನ್ನದೇ. ಆ ಕೊನೆಯ ಸಾಲನ್ನು ಓದದೆ ಬಿಟ್ಟವಳು ನಾನೇ. ಕಾಕ್ಸ್ ಅಂತ ಅಪ್ಪ ಹೇಳಿದ ಮೇಲೆ ನನಗೆ ಅಕ್ಷರವೇ ಕಾಣಲಿಲ್ಲ. ಸೋಮವಾರ ಡಾಕ್ಟರು ಸಿಗಲಿಲ್ಲ. ಹಳೆಯದು ಅಂತ ಬರೆದಿದ್ದಾರಲ್ಲ ಅಂತ ಅಪ್ಪ ಮತ್ತೆ ಹೋಗಲೇ ಇಲ್ಲ. ಹನ್ನೊಂದು ದಿನ ಆದಮೇಲೆ ಏನೋ ಹುಡುಕುತ್ತಾ ಆ ಫೈಲ್ ಮತ್ತೆ ತೆರೆದೆ. ಆಗ ಕಂಡಿತು. ನೀವು ಹೇಳಿದ ಸಾಲೇ. ಅವತ್ತೇ ರಾತ್ರಿ ಅಪ್ಪನಿಗೆ ಫೋನ್ ಮಾಡಿ, ಬೆಳಿಗ್ಗೆ ಎದ್ದ ತಕ್ಷಣ ಬಾಯಿ ಮುಕ್ಕಳಿಸಿ, ಗಂಟಲಿನ ಎಂಜಲಲ್ಲ, ಎದೆಯಿಂದ ಕೆಮ್ಮಿದ ಕಫ ಕೊಡಬೇಕು ಅಂತ ಹೇಳಿದೆ. ಟೀಬಿ ಇಲ್ಲ ಅಂತ ಬಂತು. ಅಗಲವಾದ ಕೊಳವೆಯಲ್ಲಿ ಕಫ ನಿಂತು ಸೋಂಕಾಗಿತ್ತಂತೆ, ಬೇರೆ ಮಾತ್ರೆಯಲ್ಲಿ ವಾಸಿಯಾಯಿತು. ಆದರೆ ಆ ಹನ್ನೊಂದು ದಿನ ಅಪ್ಪ ಅಣ್ಣನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಅದನ್ನು ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ನೆರಳು ಬೆಳಕು:

ಕೊಳವೆಯಲ್ಲಿ ಕಫ ನಿಲ್ಲುವುದು ಹಳೆಯ ಟೀಬಿಯವರಲ್ಲಿ ನಾವು ದಿನಾ ನೋಡುತ್ತಿದ್ದದ್ದು. ರೋಗ ಹೋಗಿರುತ್ತದೆ, ಅದು ಮಾಡಿದ ಗುಂಡಿ ಉಳಿದಿರುತ್ತದೆ. ಮತ್ತೆ ಕೆಮ್ಮು ಬಂದರೆ, ಅದರಲ್ಲೂ ಕಫದಲ್ಲಿ ರಕ್ತ ಕಂಡರೆ ತಡ ಮಾಡಬೇಡಿ.

ಇನ್ನೊಂದು ಮಾತು, ಇಂಥ ಮನೆಗಳವರಿಗೆ. ರಿಪೋರ್ಟನ್ನು ಮೇಲಿನಿಂದ ಓದಬೇಡಿ. ಮೊದಲು ಕೆಳಗಿನ ಇಂಪ್ರೆಶನ್ ಮನಸ್ಸಿನಲ್ಲೇ ಕೊನೆಯ ಚುಕ್ಕಿಯವರೆಗೆ ಓದಿಕೊಳ್ಳಿ. ಆಮೇಲೆ ಫೋನ್ ಹಚ್ಚಿ. ಮೇಲಿನ ಭಾಗ ನಾವು ಒಂದೊಂದು ಅಂಗ ನೋಡಿ ಗುರುತು ಹಾಕಿಕೊಂಡ ಪಟ್ಟಿ, ಅದರಲ್ಲಿ ಅರ್ಧಕ್ಕರ್ಧ “ಇಲ್ಲ” ಇರುತ್ತದೆ. ಅದು ಇನ್ನೊಬ್ಬ ಡಾಕ್ಟರಿಗೆ ಬರೆದದ್ದು. ಅಮ್ಮನಿಗೆ ಬರೆದದ್ದಲ್ಲ.

ಒಂಟಿಕೊಪ್ಪಲು:

ಮೈಸೂರಿನವನು. ಕಥೆಯಲ್ಲಿ ಹೆಸರು ಹೇಳದಿದ್ದರೂ ಕೆ.ಆರ್.ಎಸ್. ರಸ್ತೆಯ ಆಸ್ಪತ್ರೆ ಅಂತ ನಮ್ಮ ಊರಿನವರಿಗೆ ಗೊತ್ತಾಗುತ್ತದೆ. ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನದು. ಆ ತಾಯಿಯೂ ಇದೇ ಕಾಯಿಲೆಯಿಂದ ತೀರಿಕೊಂಡವರು. ನಾವು ಚಿಕ್ಕವರಿದ್ದಾಗ ಆ ಕಾಂಪೌಂಡ್ ಪಕ್ಕದಲ್ಲಿ ಹೋಗುವಾಗ ಉಸಿರು ಹಿಡಿದು ಓಡುತ್ತಿದ್ದೆವು. ಹುಡುಗರ ಆಟ ಅಂದುಕೊಂಡಿದ್ದೆವು. ಒಳಗಿನಿಂದ ನೋಡುತ್ತಿದ್ದವರಿಗೆ ಏನನ್ನಿಸಿರಬೇಕು ಅಂತ ಇವತ್ತು ಗೊತ್ತಾಯಿತು.

ಮಲೆಯ ಮಳೆ:

ಕಾಲದ ಬಗ್ಗೆ ಒಂದು ಅನುಮಾನ. ಮದರಾಸಿನಲ್ಲಿ 1956ರಿಂದ ಒಂದು ದೊಡ್ಡ ಪರೀಕ್ಷೆ ನಡೆಯಿತಲ್ಲ. ಅರ್ಧ ಜನಕ್ಕೆ ಸ್ಯಾನಟೋರಿಯಂನಲ್ಲಿ, ಅರ್ಧ ಜನಕ್ಕೆ ಮನೆಯಲ್ಲೇ ಅದೇ ಔಷಧಿ ಕೊಟ್ಟು ನೋಡಿದರು. ಮನೆಯಲ್ಲಿದ್ದವರೂ ಹೆಚ್ಚು ಕಡಿಮೆ ಅಷ್ಟೇ ಚೆನ್ನಾಗಿ ವಾಸಿಯಾದರು, ಮನೆಯವರಿಗೂ ಅದರಿಂದ ಜಾಸ್ತಿ ಅಂಟಲಿಲ್ಲ. 1959ರಲ್ಲಿ ಅದು ಹೊರಬಂತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯೂ ಶುರುವಾಯಿತು. ಹಾಗಿರುವಾಗ 1974ರಲ್ಲಿ ಕಾಲೇಜು ವಯಸ್ಸಿನ ಹುಡುಗನನ್ನು ಒಂದು ವರ್ಷ ಯಾಕೆ ಆಸ್ಪತ್ರೆಯಲ್ಲಿ ಇಡಬೇಕಿತ್ತು?

ನೆರಳು ಬೆಳಕು:

ಒಳ್ಳೆಯ ಪ್ರಶ್ನೆ. ಪುಸ್ತಕದ ಪ್ರಕಾರ ಬೇಕಿರಲಿಲ್ಲ. ಮೊದಲ ಎರಡು ಮೂರು ತಿಂಗಳು ಸೂಜಿ, ಆಮೇಲೆ ಒಟ್ಟು ಒಂದು, ಒಂದೂವರೆ ವರ್ಷ ಮಾತ್ರೆ. ಈಗಿನ ಆರು ತಿಂಗಳ ಔಷಧಿ ಆಗ ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ಮಾತ್ರೆ ಮನೆಯಲ್ಲೇ ನುಂಗಬಹುದಿತ್ತು. ಆದರೆ ದಿನಾ ಸೂಜಿ ಹಾಕುವವರು ಊರಿನಲ್ಲಿ ಸಿಗಬೇಕಲ್ಲ. ಸಿಕ್ಕರೂ ದಿನಾ ಸೂಜಿಗೆ ಹೋಗುವುದನ್ನು ಊರೇ ನೋಡುತ್ತದೆ.

ಬೆಟ್ಟದ ನೆಲ್ಲಿ:

ಮನೆಯಲ್ಲಿ ಮದುವೆಗೆ ಬಂದ ಅಕ್ಕ ತಂಗಿಯರು ಇದ್ದರೆ ಮುಗಿದೇ ಹೋಯಿತು. ಆ ಮನೆಯ ಹೆಣ್ಣು ಬೇಡ ಅನ್ನುತ್ತಿದ್ದರು. ಓದಲು ಹೋಗಿದ್ದಾನೆ ಅಂತ ಹೇಳಿ ಕಳಿಸಿದರೇ ಎಲ್ಲರಿಗೂ ಒಳ್ಳೆಯದು ಅಂತ ಅಜ್ಜಿ ಲೆಕ್ಕ ಹಾಕಿರುತ್ತಾಳೆ.

ಗುಬ್ಬಿಗೂಡು:

ಅಪ್ಪನಿಗೆ ಇಬ್ಬರು ಅಕ್ಕಂದಿರು. ಇಬ್ಬರ ಮದುವೆಯೂ ಅಪ್ಪ ಮೈಸೂರಿನಲ್ಲಿದ್ದ ವರ್ಷವೇ ಆಯಿತು. ಅಪ್ಪ ಒಂದಕ್ಕೂ ಬರಲಿಲ್ಲ. ಪರೀಕ್ಷೆ ಇತ್ತು ಅಂತ ಹೇಳುತ್ತಿದ್ದರು.

ತುಂಗಾ ತೀರ:

ಎಲ್ಲರೂ ಕಾಯಿಲೆ ಹಿಡಿದುಕೊಂಡು ಕೂತಿದ್ದೀರಿ. ನನಗೆ ಕಾಡಿದ್ದು ಬೇರೆ. ಜೇಬಿನಲ್ಲಿ ಕನ್ನಡಕ ಇದೆ. ಆದರೂ ಅಕ್ಷರ ಕಾಣಲ್ಲ ಅನ್ನುತ್ತಾನೆ. “ಕೊನೆಗೆ ಏನು ಬರೆದಿದ್ದಾರೆ, ಅದನ್ನ ಓದು” ಅಂತ ತಾನಾಗಿಯೇ ಕೇಳುತ್ತಾನೆ. ಅವನು ಶುಕ್ರವಾರವೇ ಓದಿಬಿಟ್ಟಿದ್ದಾನೆ. ಐವತ್ತು ವರ್ಷ ಬಾಯಿಬಿಟ್ಟು ಹೇಳಲು ಆಗದ್ದನ್ನು ಮಗಳ ಬಾಯಲ್ಲಿ ಹೇಳಿಸಿದ. ಹೆಂಡತಿ ಪಕ್ಕದಲ್ಲಿ ಕೂತಿರುವಾಗಲೇ.

ಕನ್ನಡ ಮೇಷ್ಟ್ರು:

ನಾನು ಒಪ್ಪುವುದಿಲ್ಲ. ವಯಸ್ಸಾದವರ ಜೇಬಿನಲ್ಲಿ ಕನ್ನಡಕ ಯಾವಾಗಲೂ ಇರುತ್ತದೆ. ಮಗಳ ದನಿಯಲ್ಲಿ ಕೇಳಬೇಕು ಅನಿಸಿರುತ್ತದೆ, ಅಷ್ಟೇ. ಮೊದಲೇ ಓದಿದ್ದರೆ ನೀರಿನ ಮಾತಿಗೆ ಹೆಂಡತಿ ಅಳುವಾಗ, ಇಲ್ಲ ಕಣೇ ಅಂತ ಅವನೇ ಹೇಳಬಹುದಿತ್ತಲ್ಲ?

ತುಂಗಾ ತೀರ:

ಹೇಳಿದ್ದರೆ ಓದಿದ್ದು ಗೊತ್ತಾಗುತ್ತಿತ್ತು ಮೇಷ್ಟ್ರೇ.

ಅಡಿಕೆ ತೋಟ:

ಮೇಡಂ, ಅಮ್ಮನ ರಿಪೋರ್ಟ್ ಮತ್ತೆ ನೋಡಿದೆ. ಸುಣ್ಣ ಕಟ್ಟಿದೆ ಅಂತ ಎಲ್ಲೂ ಇಲ್ಲ. ಬುಧವಾರ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. 2016ರ ಒಂದು ಎಕ್ಸ್‌ರೇ ಅಟ್ಟದ ಮೇಲೆ ಸಿಕ್ಕಿತು, ಗೆದ್ದಲು ತಿಂದಿಲ್ಲ. ಅಮ್ಮನಿಗೆ ಕ್ಷಮಿಸು ಅಂದೆ.

ಬೆಟ್ಟದ ನೆಲ್ಲಿ:

ಗುಬ್ಬಿಗೂಡು, ನಿಮ್ಮ ಅಮ್ಮನಿಗೆ ಮೊದಲೇ ಗೊತ್ತಿತ್ತಾ? ಕಥೆಯಲ್ಲಿ ಅವಳು ಹುರುಳಿಕಾಯಿ ಆರಿಸುತ್ತಾ ತಲೆಯನ್ನೇ ಎತ್ತುವುದಿಲ್ಲ. ಗೊತ್ತಿದ್ದವಳೂ ಹಾಗೇ ಮಾಡುತ್ತಾಳೆ, ಗೊತ್ತಿಲ್ಲದವಳೂ ಹಾಗೇ ಮಾಡುತ್ತಾಳೆ.

ಗುಬ್ಬಿಗೂಡು:

ಅಮ್ಮನನ್ನು ಕೇಳಿದೆ. “ಲೋಟ ತೊಳೆಯೋಳು ನಾನಲ್ವಾ” ಅಂದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕನ್ನಡಕದ ಬಗ್ಗೆ ಅಪ್ಪನನ್ನು ಕೇಳುವುದಿಲ್ಲ. ಕಥೆಯಲ್ಲೂ ಹಾಗೇ ಬಿಡುತ್ತೇನೆ.

ಆದರೆ ಮೇಡಂ, ಗೋಡೆಯ ಬಗ್ಗೆ ಕೇಳಿದೆ. ನಿನ್ನೆ ರಾತ್ರಿ. ಕತ್ತಲೆಯಲ್ಲಿ ಗೋಡೆ ಹಿಡಿಯುವುದು ಯಾವಾಗಿನಿಂದ ಅಪ್ಪಾ ಅಂತ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಅಲ್ಲಿಂದಲೇ, ಸೂಜಿ ಶುರುವಾಗಿ ಎರಡನೇ ತಿಂಗಳು ಅಂದರು. ರಾತ್ರಿ ವಾರ್ಡಿನಿಂದ ಬಚ್ಚಲಿಗೆ ಹೋಗಲು ಉದ್ದನೆಯ ಪಡಸಾಲೆ ಇತ್ತಂತೆ, ಕೊನೆಯಲ್ಲಿ ಒಂದೇ ಬಲ್ಬು. “ನಾನೊಬ್ಬನೇ ಅಲ್ಲ ಪುಟ್ಟಿ. ಬಹಳ ಜನ ಗೋಡೆ ಹಿಡ್ಕೊಂಡೇ ಹೋಗ್ತಿದ್ವಿ. ಕಾಯಿಲೆಯ ಸುಸ್ತು ಅಂದ್ಕೊಂಡಿದ್ವಿ. ಗೋಡೆ ಮೇಲೆ ಒಂದು ಆಳೆತ್ತರಕ್ಕೆ ಕೈ ಮಸಿ ಗೆರೆ ಆಗಿಹೋಗಿತ್ತು.”

ಬಚ್ಚಲಿನ ದಾರಿಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪ ಹಾಕಿಸಲು ಅಣ್ಣನಿಗೆ ಹೇಳಿದ್ದೇನೆ. ಆ ಗೆರೆಯನ್ನು ಕಥೆಯೊಳಗೆ ಎಲ್ಲಿ ಸೇರಿಸಲಿ ಅಂತ ಇನ್ನೂ ತೋಚಿಲ್ಲ.